ಅಂಶಕ್ಕೆ ಅಂಶ, ಛೇದಕ್ಕೆ ಛೇದ

ಭಿನ್ನರಾಶಿ ಕೂಡುವಾಗ ಮಕ್ಕಳು ಮಾಡುವ ಹಳೆಯ ತಪ್ಪೊಂದಿದೆ: ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ ಒಂದೇ ಭಿನ್ನರಾಶಿ ಬರೆದುಬಿಡುವುದು. ಮೇಷ್ಟ್ರು ಅದಕ್ಕೆ ಕೆಂಪು ಗೆರೆ ಎಳೆಯುತ್ತಾರೆ. ಆದರೆ ಅಂಶದಲ್ಲಿ ವರ್ಗಸಂಖ್ಯೆಗಳಿದ್ದರೆ ಈ ತಪ್ಪಿನಿಂದಲೂ ಒಂದು ಕೆಲಸ ಆಗುತ್ತದೆ. ಅದು ಕೊಡುವ ಉತ್ತರ ನಿಜವಾದ ಮೊತ್ತವನ್ನು ಎಂದೂ ಮೀರುವುದಿಲ್ಲ.

a²/x + b²/y ≥ (a+b)²/(x+y)

ಒಲಿಂಪಿಯಾಡ್ ತಯಾರಿಯ ಹುಡುಗರು ಇದನ್ನು ‘ಟಿಟು ಲೆಮ್ಮಾ’ ಎನ್ನುತ್ತಾರೆ. ಅಮೆರಿಕದ ತಂಡವನ್ನು ತರಬೇತುಗೊಳಿಸಿದ, ರೊಮೇನಿಯಾ ಮೂಲದ ಟಿಟು ಆಂಡ್ರೀಸ್ಕು ಅವರಿಂದ ಬಂದ ಹೆಸರು ಅದು. ಇದಕ್ಕೆ ಅರ್ಮೇನಿಯಾದ ಸೆದ್ರಾಕ್ಯಾನ್, ಜರ್ಮನಿಯ ಎಂಗೆಲ್ ಅವರ ಹೆಸರೂ ಉಂಟು. ಹೆಸರೇನೇ ಇರಲಿ, ಒಳಗಿರುವುದು 19ನೇ ಶತಮಾನದ ಕೋಶಿ–ಶ್ವಾರ್ಟ್ಸ್ ಅಸಮತೆಯೇ.

a = 3, b = 4, x = 1, y = 2 ಎಂದು ಇಟ್ಟು ನೋಡೋಣ. ಎಡಗಡೆ 9 + 8, ಅಂದರೆ 17. ಬಲಗಡೆ 49/3, ಅಂದರೆ ಸುಮಾರು 16.33. ವ್ಯತ್ಯಾಸ 2/3.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಸೊಗಸಾದ ಉತ್ತರವಿದೆ. x, y ಎರಡು ಗಾಡಿಗಳ ದ್ರವ್ಯರಾಶಿ, a, b ಅವುಗಳ ಸಂವೇಗ ಎನ್ನಿ. ಒಂದು ಕಿಲೋದ ಗಾಡಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಂದಿನಿಂದ ಬಂದು, ಅದೇ ದಿಕ್ಕಿನಲ್ಲಿ ಸೆಕೆಂಡಿಗೆ 2 ಮೀಟರ್ ಸಾಗುತ್ತಿರುವ ಎರಡು ಕಿಲೋ ಗಾಡಿಗೆ ಗುದ್ದಿ ಅಂಟಿಕೊಳ್ಳುತ್ತದೆ. ಸಂವೇಗದ ವರ್ಗವನ್ನು ದ್ರವ್ಯರಾಶಿಯ ಇಮ್ಮಡಿಯಿಂದ ಭಾಗಿಸಿದರೆ ಚಲನಶಕ್ತಿ ಸಿಗುತ್ತದೆ. ಡಿಕ್ಕಿಗೆ ಮುಂಚೆ ಅದು 17/2, ಅಂದರೆ 8.5 ಜೂಲ್. ಅಂಟಿಕೊಂಡ ಮೇಲೆ ಸಂವೇಗ 7, ದ್ರವ್ಯರಾಶಿ 3. ಶಕ್ತಿ 49/6, ಸುಮಾರು 8.17 ಜೂಲ್. ಕಾಣೆಯಾದ ಮೂರನೇ ಒಂದು ಜೂಲ್ ಬಿಸಿಯಾಗಿ, ಸದ್ದಾಗಿ, ತಗ್ಗು-ನುಗ್ಗಾಗಿ ಹೋಯಿತು. ಹೊರಗಿನಿಂದ ಯಾರೂ ತಳ್ಳದೆ, ಅಂಟಿಕೊಂಡ ಮಾತ್ರಕ್ಕೆ ಚಲನಶಕ್ತಿ ಹೆಚ್ಚುವುದಿಲ್ಲ. ಅಸಮತೆ ಹೇಳುವುದೂ ಅದನ್ನೇ.

ಬೀಜಗಣಿತದಲ್ಲಿ ಸಾಧಿಸಲು ಎಡದಿಂದ ಬಲವನ್ನು ಕಳೆದರೆ ಸಾಕು. ಉಳಿಯುವುದು ಇಷ್ಟು:

(ay − bx)² / (xy(x+y))

ಮೇಲಿರುವುದು ವರ್ಗ, ಋಣವಾಗಲಾರದು. ಛೇದಗಳು ಧನವಾಗಿರುವವರೆಗೆ ಕೆಳಗಿರುವುದೂ ಧನ. a/x ಮತ್ತು b/y ಒಂದೇ ಆದಾಗ, ಎಂದರೆ ಎರಡು ಗಾಡಿಗಳ ವೇಗ ಒಂದೇ ಇದ್ದು ಡಿಕ್ಕಿಯೇ ಇಲ್ಲದಿದ್ದಾಗ, ವ್ಯತ್ಯಾಸ ಸೊನ್ನೆ. ಅಂಶದ ಸಂಖ್ಯೆ ಋಣವಾದರೆ ಚಿಂತೆಯಿಲ್ಲ, ಆ ಗಾಡಿ ಎದುರಿನಿಂದ ಬರುತ್ತಿದೆ ಅಷ್ಟೆ. ಛೇದ ಋಣವಾದರೆ ಮಾತ್ರ ಕೆಡುತ್ತದೆ: 1/2 + 1/(−1) ಎಂಬುದು −1/2, ಆದರೆ ಬಲಗಡೆ ಬರುವುದು 4.

ಮೂರು, ನಾಲ್ಕು ಪದಗಳಿದ್ದರೆ ಮೊದಲೆರಡನ್ನು ಒಂದಾಗಿಸಿ, ಅದಕ್ಕೆ ಮುಂದಿನದನ್ನು ಸೇರಿಸುತ್ತಾ ಹೋದರಾಯಿತು.

ಬಳಸುವಾಗ ಎಡವುವುದು ಬೇರೆ ಕಡೆ. 1903ರ ನೆಸ್ಬಿಟ್ ಅಸಮತೆಯನ್ನು ತೆಗೆದುಕೊಳ್ಳಿ: a, b, c ಧನಸಂಖ್ಯೆಗಳಾದರೆ a/(b+c) + b/(c+a) + c/(a+b) ಮೊತ್ತ 3/2ಕ್ಕಿಂತ ಕಡಿಮೆಯಾಗದು. ಅಂಶದಲ್ಲಿ ವರ್ಗವಿಲ್ಲ. a ಎಂದರೆ √aಯ ವರ್ಗ ತಾನೇ ಎಂದು ಮುಂದುವರಿದರೆ ಸಿಗುವ ಗಡಿ (√a+√b+√c)²/(2(a+b+c)). ಸುಳ್ಳಲ್ಲ, ಆದರೆ ಕೆಲಸಕ್ಕೆ ಬಾರದು. a = b = 1, c = 4 ಹಾಕಿದರೆ ಅದು ಸುಮಾರು 1.33, ಬೇಕಾದ 1.5ಕ್ಕಿಂತ ಕೆಳಗೆ. ನಿಜವಾದ ಮೊತ್ತವೋ 2.4. ಗಡಿ ಹಿಡಿಯುವ ಮೊದಲು ಹೀಗೆ ಒಂದು ಜೊತೆ ಸಂಖ್ಯೆ ಹಾಕಿ ಪರೀಕ್ಷಿಸುವುದು ಜಾಣತನ. ಬಹಳ ಮಂದಿ ಅದನ್ನು ಮಾಡದೆ ಎರಡು ಪುಟ ವ್ಯರ್ಥ ಮಾಡುತ್ತಾರೆ.

ಸರಿಯಾದ ದಾರಿಯಲ್ಲಿ ಮೊದಲ ಪದದ ಅಂಶ, ಛೇದ ಎರಡನ್ನೂ aಯಿಂದ, ಉಳಿದವನ್ನು bಯಿಂದ, cಯಿಂದ ಗುಣಿಸಬೇಕು. ಮೊದಲ ಪದ a²/(ab+ac) ಆಗುತ್ತದೆ. ಈಗ ಛೇದಗಳನ್ನು ಕೂಡಿದರೆ ab, bc, ca ತಲಾ ಎರಡು ಸಲ ಬರುತ್ತವೆ. ಗಡಿ (a+b+c)²/(2(ab+bc+ca)). ಮೇಲಿನ ಸಂಖ್ಯೆಗಳಿಗೆ ಇದು 36/18, ಅಂದರೆ 2. (a+b+c)² ಯಾವಾಗಲೂ 3(ab+bc+ca)ಯಷ್ಟಾದರೂ ಇರುವುದರಿಂದ 3/2 ತಾನಾಗಿ ಬರುತ್ತದೆ.

ಕೈ ನೋಡಬೇಕೆನ್ನುವವರಿಗೆ 1995ರಲ್ಲಿ ಕೆನಡಾದಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಯಾಡಿನ ಎರಡನೇ ಪ್ರಶ್ನೆ ಇದೆ: a, b, c ಧನಸಂಖ್ಯೆಗಳು, abc = 1. ಆಗ 1/(a³(b+c)) ಮತ್ತು ಅದರ ಜೊತೆಗಾರ ಪದಗಳೆರಡರ ಮೊತ್ತ 3/2ಕ್ಕಿಂತ ಕಡಿಮೆಯಿಲ್ಲವೆಂದು ಸಾಧಿಸಿ. ಮೊದಲ ಹೆಜ್ಜೆಗೆ, 1/a ಬದಲು bc ಎಂದು ಬರೆದು ನೋಡಿ.