ನಾಕ್ ಕಟ್ ಗಯೀ ಅಂದರೆ ಮೂಗಿಗೆ ಬ್ಯಾಂಡೇಜೇ? ರೇಡಿಯೋ ಜಾಹೀರಾತಿನ ಕನ್ನಡ ಪಡಿಪಾಟಲು

"ನಿಮ್ಮ ಐದೂ ಬೆರಳು ತುಪ್ಪದಲ್ಲಿ, ತಲೆ ಬಾಣಲೆಯಲ್ಲಿ!" ಅಂತ ರೇಡಿಯೋದಲ್ಲಿ ಒಬ್ಬಾಕೆ ಕುಲುಕುಲು ನಗುತ್ತಾ ಹೇಳಿದರೆ ಬಸ್ಸಿನಲ್ಲಿ ಕೂತವರು ಏನು ತಿಳಿಯಬೇಕು? ಯಾರನ್ನೋ ಎಣ್ಣೆಗೆ ಬಿಟ್ಟು ಕರಿಯೋಕೆ ಹೊರಟಿದ್ದಾರೆ ಅಂತಲೇ. ಹಿಂದಿಯವರಿಗೆ ಅದು ಸುಖದ ಸುಪ್ಪತ್ತಿಗೆಯ ಮಾತು. ಲಾಭದ ಮೇಲೆ ಲಾಭ ಅಂತ ಅದರ ಅರ್ಥ. ಕನ್ನಡಕ್ಕೆ ಪದಕ್ಕೆ ಪದ ಇಳಿಸಿದ ಕೂಡಲೇ ತುಪ್ಪ ಹೋಗಿ ಬರೀ ಬಾಣಲೆ ಉಳಿಯಿತು.

ವಿವಿಧ ಭಾರತಿ ಶುರುವಾದದ್ದು 1957ರ ಅಕ್ಟೋಬರ್ 3ರಂದು. ಅದರಲ್ಲಿ ಜಾಹೀರಾತಿಗೆ ಬಾಗಿಲು ತೆರೆದದ್ದು 1967ರ ನವೆಂಬರ್‌ನಲ್ಲಿ, ಮೊದಲು ಮುಂಬೈ ಕಡೆ. ಬೆಂಗಳೂರಿಗೆ ಖಾಸಗಿ ಎಫ್ಎಂ ಬಂದದ್ದು 2001ರಲ್ಲಿ. ದನಿ ಬದಲಾಯಿತು, ಪೆಟ್ಟಿಗೆ ಬದಲಾಯಿತು. ಆದರೆ ದೊಡ್ಡ ಕಂಪನಿಯ ಜಾಹೀರಾತು ಹಿಂದಿಯಲ್ಲಿ ಬರೆದಾಗಿ, ಆಮೇಲೆ "ಇದನ್ನ ಕನ್ನಡ ಮಾಡಿ ಕೊಡಿ" ಅಂತ ಬರುವ ಪದ್ಧತಿ ಮಾತ್ರ ಇವತ್ತಿಗೂ ಇದೆ. ಕನ್ನಡ ಮಾಡುವವನ ಕೈಗೆ ಸಿಗುವುದು ಒಂದು ಹಾಳೆ, ಒಂದು ರಾಗ, ಇಪ್ಪತ್ತು ಸೆಕೆಂಡು. ಅದು ಕೆಟ್ಟರೆ ಮುಂಬೈಯವರಿಗೆ ಗೊತ್ತೂ ಆಗುವುದಿಲ್ಲ. ಮಾಲು ತರಿಸಿ ಗೋಡೌನು ತುಂಬಿಸಿಕೊಂಡ ಇಲ್ಲಿನ ಏಜೆಂಟರಿಗೆ, ಅವರಿಂದ ಸರಕು ಎತ್ತಿದ ಕಿರಾಣಿ ಅಂಗಡಿಯವರಿಗೆ ಗೊತ್ತಾಗುತ್ತದೆ. ಗಿರಾಕಿ ಬಂದು ಪುಡಿ ಕೇಳುವ ಬದಲು "ಆ ಬಾಣಲೆ ತಲೆ ಪುಡಿ ಇದೆಯೇನ್ರೀ?" ಅಂತ ನಕ್ಕು, ಹಳೇ ಸೋಪನ್ನೇ ಕೊಂಡು ಹೋಗುತ್ತಾನೆ.

ನಮೂನೆಗೆ ಬಟ್ಟೆ ಒಗೆಯುವ ಪುಡಿಯ ಒಂದು ಹಿಂದಿ ಸ್ಕ್ರಿಪ್ಟು ಇಟ್ಟುಕೊಂಡು ನೋಡಬಹುದು. ಪುಡಿ ಬರುವುದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಬಕೆಟ್ಟು ಪುಕ್ಕಟೆ. ಇಬ್ಬರು ನೆರೆಮನೆ ಹೆಂಗಸರ ಮಾತು ಹೀಗೆ:

"ಶಾದೀ ಮೇಂ ತೋ ಮೇರೀ ನಾಕ್ ಕಟ್ ಗಯೀ!"
"ಕ್ಯಾ ಹುವಾ, ಭಾಭೀಜಿ?"
"ಇನ್ಕೇ ಕುರ್ತೇ ಪರ್ ಹಲ್ದೀ ಕಾ ದಾಗ್!"
"ಬಸ್? ಇಸ್ ಪೌಡರ್ ಮೇಂ ಭಿಗೋಯಿಯೇ, ದಾಗ್ ನೌ ದೋ ಗ್ಯಾರಹ್! ಊಪರ್ ಸೇ ಬಾಲ್ಟೀ ಮುಫ್ತ್. ಆಮ್ ಕೇ ಆಮ್, ಗುಠ್ಲಿಯೋಂ ಕೇ ದಾಮ್!"
ಕೊನೆಗೆ ಗಂಡಸಿನ ದನಿ: "ಅಬ್ ಕಿಸೀ ದಾಗ್ ಕೀ ದಾಲ್ ನಹೀಂ ಗಲೇಗೀ!"

ಇಷ್ಟು ಚಿಕ್ಕ ಮಾತಿನಲ್ಲಿ ನಾಲ್ಕು ನುಡಿಗಟ್ಟು. ನಾಲ್ಕಕ್ಕೂ ಒಂದೇ ಮದ್ದು ನಾಟುವುದಿಲ್ಲ.

ಮೂಗಿನಿಂದಲೇ ಶುರು ಮಾಡೋಣ. "ಮದುವೆಯಲ್ಲಿ ನನ್ನ ಮೂಗು ಕತ್ತರಿಸಿಹೋಯಿತು" ಅಂದರೆ ಕೇಳುಗನಿಗೆ ನೆನಪಾಗುವುದು ಶೂರ್ಪನಖಿ. ಪುಡಿ ಬೇಡ, ಆಸ್ಪತ್ರೆ ಬೇಕು ಅನ್ನಿಸುತ್ತದೆ. ಹಾಗಾದರೆ "ನನ್ನ ಮಾನ ಹೋಯ್ತು" ಅನ್ನೋಣವೇ? ಅರ್ಥ ಸರಿ, ಆದರೆ ಹೆಂಗಸಿನ ಬಾಯಲ್ಲಿ, ಅದೂ ಮದುವೆ ಮನೆಯಲ್ಲಿ "ಮಾನ ಹೋಯ್ತು" ಅಂದರೆ ಕನ್ನಡದಲ್ಲಿ ಅದು ಪೊಲೀಸು ಠಾಣೆಯ ಮಾತಾಗಿಬಿಡುತ್ತದೆ. "ಮರ್ಯಾದೆ ಮೂರು ಕಾಸಾಯ್ತು" ಅಂದರೆ ಆ ಭಯ ಇಲ್ಲ. ಅದರಲ್ಲಿ ಗೋಳೂ ಇದೆ, ನಗುವೂ ಇದೆ, ದುಡ್ಡಿನ ವಾಸನೆಯೂ ಇದೆ. ಜಾಹೀರಾತಿಗೆ ಹೇಳಿ ಮಾಡಿಸಿದ್ದು.

ಇನ್ನು ಭಾಭೀಜಿ. ನಿಘಂಟು ತೆರೆದವನು "ಅತ್ತಿಗೆ" ಅಂತ ಬರೆಯುತ್ತಾನೆ. ಹಿಂದಿ ಸೀಮೆಯಲ್ಲಿ ಪಕ್ಕದ ಮನೆಯಾಕೆಯನ್ನೂ ಭಾಭಿ ಅನ್ನುತ್ತಾರೆ. ಇಲ್ಲಿ ಅತ್ತಿಗೆ ಅಂದರೆ ಕೇಳುಗರು ಇದು ಅತ್ತಿಗೆ-ನಾದಿನಿ ಸಂಸಾರ ಅಂತ ತಿಳಿದು, ಜಗಳ ಯಾವಾಗ ಶುರು ಅಂತ ಕಾಯುತ್ತಾರೆ. ಪಕ್ಕದ ಮನೆಯಾಕೆ ಇಲ್ಲಿ "ಅಕ್ಕ". ಅಕ್ಕ ಅನ್ನಿಸಿಕೊಂಡವಳು ಚಿಕ್ಕವಳಿಗೆ "ಕಣೇ" ಅಂತಾಳೆ, ಚಿಕ್ಕವಳು ಅವಳಿಗೆ "ನೆನೆಸಿ" ಅಂತ ಬಹುವಚನ ಹಚ್ಚುತ್ತಾಳೆ. ಎರಡು ಅಕ್ಷರದಲ್ಲಿ ಸಂಬಂಧ ತಿಳಿದುಹೋಯಿತು.

ಅರಿಶಿನದ ಗಂಡಾಂತರ

ಮೂರನೇ ಸಾಲು ನೋಡಿದರೆ ಅದರಲ್ಲಿ ನುಡಿಗಟ್ಟೇ ಇಲ್ಲ. ಬರೀ ಹಲ್ದಿ, ಅಂದರೆ ಅರಿಶಿನ. ಅನುವಾದಕ್ಕೆ ಸಲೀಸು ಅನ್ನಿಸುವುದು ಇದೇ, ಅಂಗಡಿಗೆ ಕಲ್ಲು ಬೀಳಿಸುವುದೂ ಇದೇ. ಮದುವೆ ಮನೆ, ಮುತ್ತೈದೆಯ ದನಿ, ಬೆನ್ನಿಗೇ "ಅರಿಶಿನ ಮಾಯ!" ಅಂತ ಕೂಗು. ಅರಿಶಿನ-ಕುಂಕುಮ ಹೋಗುವುದು ಅಂದರೆ ಏನರ್ಥ ಅಂತ ಕನ್ನಡ ನಾಡಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ, ಕೇಳಿದವನ ಬಾಯಿಗೆ ನೀರು ಹಾಕಿ ತೊಳೆಸಿಯೇ ಹೇಳುತ್ತಾಳೆ. ಹಿಂದಿಯವರಿಗೂ ಹಲ್ದಿ ಮಂಗಳವೇ. ಆದರೆ "ಹಲ್ದೀ ಕಾ ದಾಗ್" ಅಲ್ಲಿ ಅಡುಗೆಯ ಕಲೆ ಅಂತ ಸವೆದ ಮಾತು. ಇಲ್ಲಿ ಹಾಗೆ ಸವೆದಿಲ್ಲ.

ಹಾಗಾಗಿ ಕಲೆಯನ್ನೇ ಬದಲಾಯಿಸಬೇಕು. ಕನ್ನಡದ ಮದುವೆಯಲ್ಲಿ ಬಟ್ಟೆ ಕೆಡುವ ಜಾಗ ಯಾವುದು? ಊಟದ ಪಂಕ್ತಿ. ಬಕೆಟ್ಟು ಹಿಡಿದು ಓಡೋಡಿ ಬಡಿಸುವವನ ಸೌಟಿನಿಂದ ಬಿಸಿ ಸಾರು. ಅದು ಬೀಳುವುದು ಯಾವುದರ ಮೇಲೆ? ಸೀರೆ ಅಂತ ಬರೆದರೆ ಮತ್ತೆ ಎಡವಟ್ಟು. ಮದುವೆಗೆ ಉಡುವುದು ರೇಷ್ಮೆ, ರೇಷ್ಮೆಯನ್ನು ಒಗೆಯುವ ಪುಡಿಯಲ್ಲಿ ನೆನೆಹಾಕುವ ಹೆಂಗಸು ಈ ಸೀಮೆಯಲ್ಲಿ ಇಲ್ಲ. ಕ್ಷಾರಕ್ಕೆ ರೇಷ್ಮೆ ಹಾಳು ಅಂತ ಎಲ್ಲರಿಗೂ ಗೊತ್ತು. ಕುರ್ತಾ ಇದ್ದಲ್ಲಿ ಗಂಡನ ಬಿಳಿ ಪಂಚೆ ಬರಲಿ. ಹತ್ತಿ ಬಟ್ಟೆ, ಬಿಳಿ ಬಣ್ಣ, ಕಲೆ ಎದ್ದು ಕಾಣುತ್ತದೆ.

ಒಂದು ಮಾತು ಮಾತ್ರ ಹಿಂದಿಯದನ್ನು ಬಿಡದೆ ಉಳಿಸಿಕೊಳ್ಳಬೇಕು: "ಭಿಗೋಯಿಯೇ", ನೆನೆಸಿ. ಸಾರಿನಲ್ಲೂ ಅರಿಶಿನ ಇದೆ, ಅದಕ್ಕೆ ಸೋಪಿನ ಕ್ಷಾರ ತಾಗಿದರೆ ಹಳದಿ ಹೋಗಿ ಕೆಂಪು ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕುಂಕುಮದ ಬಣ್ಣ ಬರುವುದೂ ಇದೇ ಗುಣದಿಂದ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದ ಮೇಲೇ ಬಣ್ಣ ಇಳಿಯುವುದು. "ನೆನೆಸಿ" ತೆಗೆದು "ಕ್ಷಣದಲ್ಲಿ" ಅಂತ ಹಾಕಿದರೆ ಕೇಳುವ ಗೃಹಿಣಿ ರೇಡಿಯೋ ಕಿವಿ ಹಿಂಡುತ್ತಾಳೆ. ಪುಡಿಯ ಹೆಸರು, ತೂಕ, ಬೆಲೆ, ಕೊಡುಗೆ, ಹೇಗೆ ಬಳಸಬೇಕು ಅನ್ನುವುದು ಕಂಪನಿಯ ಮಾತು. ಅದನ್ನು ಮುಟ್ಟುವ ಹಕ್ಕು ಕನ್ನಡ ಬರೆಯುವವನಿಗೆ ಇಲ್ಲ.

ಒಂಬತ್ತು, ಎರಡು, ಹನ್ನೊಂದು

"ಕಲೆ ಒಂಬತ್ತು ಎರಡು ಹನ್ನೊಂದು" ಅಂದರೆ ಮಗ್ಗಿ ಪಾಠ. ಓಟ ಕೀಳುವುದಕ್ಕೆ ಕನ್ನಡದಲ್ಲಿ "ಕಾಲಿಗೆ ಬುದ್ಧಿ ಹೇಳು" ಅಂತ ಸೊಗಸಾದ ಮಾತಿದೆ. ಕಳ್ಳನಿಗೆ, ಸಾಲಗಾರನಿಗೆ ಅದು ಚೆನ್ನ. ಪಂಚೆಯ ಮೇಲಿನ ಸಾರಿಗೆ ಕಾಲೆಲ್ಲಿ? ಹೊರಟುಹೋದದ್ದು ವಸ್ತುವಾದರೆ, ಹೋದ ಗುರುತೂ ಸಿಗದಿದ್ದರೆ, ಕನ್ನಡಿಗರು ಅನ್ನುವುದು "ಮಂಗಮಾಯ". ನಾಲ್ಕೇ ಅಕ್ಷರ, ಕೇಳಿದ ಕೂಡಲೇ ಮುಖದ ಮೇಲೆ ನಗು.

ಮಾವಿನ ಹಣ್ಣಿನ ಕಥೆ ಬೇರೆ. "ಆಮ್ ಕೇ ಆಮ್, ಗುಠ್ಲಿಯೋಂ ಕೇ ದಾಮ್" ಹಿಂದಿಯಲ್ಲಿ ಒಂದೂವರೆ ಸೆಕೆಂಡಿನ ಮಾತು, ಪ್ರಾಸವೂ ಇದೆ. "ಮಾವಿನ ಹಣ್ಣಿಗೆ ಮಾವಿನ ಹಣ್ಣೂ ಆಯಿತು, ಗೊರಟೆಗಳಿಗೆ ಬೆಲೆಯೂ ಬಂತು" ಅಂತ ಕನ್ನಡ ಮಾಡಿದರೆ 25 ಅಕ್ಷರ. ಸ್ಪಷ್ಟವಾಗಿ ಓದುವ ಕನ್ನಡ ದನಿ ಸೆಕೆಂಡಿಗೆ ಐದಾರು ಅಕ್ಷರ ಹೇಳುತ್ತದೆ. ಅಂದರೆ ಇಪ್ಪತ್ತು ಸೆಕೆಂಡಿನಲ್ಲಿ ಸುಮಾರು ನಾಲ್ಕೂವರೆ ಸೆಕೆಂಡು ಗೊರಟೆಗೇ ಖರ್ಚು, ಅದೂ ಅರ್ಥ ಆಗದೆ. "ಸ್ವಾಮಿ ಕಾರ್ಯ, ಸ್ವಕಾರ್ಯ" ಅನ್ನೋಣವೆಂದರೆ ಬಟ್ಟೆ ಒಗೆಯುವಲ್ಲಿ ಸ್ವಾಮಿ ಯಾರು? "ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು" ಎಂಬುದು ಬಾಯಿಗೆ ರುಚಿ. ಆದರೆ ಅದರಲ್ಲಿ ಅದೃಷ್ಟದ ಮಾತಿದೆ, ಲಾಟರಿ ಟಿಕೇಟಿಗೆ ಒಪ್ಪುತ್ತದೆ. ದುಡ್ಡು ಕೊಟ್ಟು ಕೊಂಡವಳಿಗೆ "ನಿನ್ನ ಜಾಣತನ ಏನಿಲ್ಲ, ಜಾರಿ ಬಿತ್ತು" ಅಂದ ಹಾಗಾಗುತ್ತದೆ. ಇಂಥ ಕಡೆ ಗಾದೆಯ ಹಂಬಲ ಬಿಡುವುದೇ ಲೇಸು. "ಪುಡಿ ಖರ್ಚಾಗತ್ತೆ, ಬಕೆಟ್ಟು ಪುಕ್ಕಟೆ ಉಳಿಯತ್ತೆ" ಅಂತ ಸೀದಾ ಹೇಳಿದರೆ 16 ಅಕ್ಷರ, ತಾನಾಗೇ ಒಂದು ಪ್ರಾಸ, ಕೊಡುಗೆಯ ಮಾತೂ ಬಂತು.

ಕೊನೆಯದು ದಾಲ್. ಇಲ್ಲಿ ಬದಲಾಯಿಸಲು ಹೊರಟವನೇ ದಡ್ಡ. "ನಿನ್ನ ಬೇಳೆ ಇಲ್ಲಿ ಬೇಯಲ್ಲ" ಅಂತ ಕನ್ನಡಿಗರೂ ಅನ್ನುತ್ತಾರೆ, ಅರ್ಥವೂ ಅದೇ. ಎರಡು ಭಾಷೆ ಒಂದೇ ಒಲೆಯ ಮೇಲೆ ಪಾತ್ರೆ ಇಟ್ಟಿವೆ. ಇನ್ನೊಂದು ಲಾಭವೂ ಇಲ್ಲಿ ಸಿಕ್ಕಿತು. ಹಲ್ದಿ ಬಿಟ್ಟು ಸಾರು ಹಾಕಿದ್ದರಿಂದ, ಸಾರಿನ ಕಲೆಗೆ ಬೇಳೆಯ ಮಾತು ಮೂಲ ಹಿಂದಿಗಿಂತ ಚೆನ್ನಾಗಿ ಕಚ್ಚಿಕೊಂಡಿತು.

ಎಲ್ಲ ಸೇರಿಸಿದರೆ ಹೀಗಾಯಿತು:

"ಅಯ್ಯೋ, ಮದುವೆ ಮನೇಲಿ ಮರ್ಯಾದೆ ಮೂರು ಕಾಸಾಯ್ತು ಕಣೇ!"
"ಏನಾಯ್ತಕ್ಕ?"
"ನಮ್ಮನೆಯೋರ ಬಿಳಿ ಪಂಚೆ ಮೇಲೆ ಸಾರು ಚೆಲ್ಲಿಬಿಟ್ರು!"
"ಅಷ್ಟೇನಾ? ಈ ಪುಡೀಲಿ ನೆನೆಸಿ, ಕಲೆ ಮಂಗಮಾಯ! ಪುಡಿ ಖರ್ಚಾಗತ್ತೆ, ಬಕೆಟ್ಟು ಪುಕ್ಕಟೆ ಉಳಿಯತ್ತೆ!"
"ಇನ್ನು ಯಾವ ಕಲೆಯ ಬೇಳೇನೂ ಬೇಯಲ್ಲ!"

ಒಟ್ಟು 84 ಅಕ್ಷರ, ಸುಮಾರು ಹದಿನೈದು ಸೆಕೆಂಡು. ಪುಡಿಯ ಹೆಸರಿಗೆ, ರಾಗಕ್ಕೆ ಐದು ಸೆಕೆಂಡು ಉಳಿಯಿತು. ಪದಗಳನ್ನು ಎಣಿಸಿದರೆ ಈ ಲೆಕ್ಕ ಸಿಗುವುದಿಲ್ಲ. ಕನ್ನಡದ ಪದ ಕಡಿಮೆ, ಉದ್ದ ಜಾಸ್ತಿ. ಅಕ್ಷರ ಎಣಿಸಬೇಕು, ಆಮೇಲೆ ಗಡಿಯಾರ ಹಿಡಿದು ಬಾಯಿಬಿಟ್ಟು ಓದಬೇಕು. ಇಪ್ಪತ್ತಕ್ಕೆ ಇಪ್ಪತ್ತೆರಡಾದರೆ ದನಿ ಕೊಡುವವರು ಓಡಿಸಿ ಓದುತ್ತಾರೆ, ಮೊದಲು ನುಂಗುವುದೇ ಪುಡಿಯ ಹೆಸರು.

ಸರಿಯಾಯಿತೋ ಇಲ್ಲವೋ ಅಂತ ನೋಡುವುದಕ್ಕೆ ಹಿಂದಿ ಗೊತ್ತಿಲ್ಲದ ಒಬ್ಬರು ಸಾಕು. ಅವರು ಪಕ್ಕದ ಕೋಣೆಯಲ್ಲಿ ಪಾತ್ರೆ ತೊಳೆಯುತ್ತಿರಲಿ, ಒಂದೇ ಸಲ ಓದಿ. ರೇಡಿಯೋ ಕೇಳುವುದೇ ಹಾಗೆ. ಆಮೇಲೆ "ಏನು ಮಾರಿದರು?" ಅಂತ ಕೇಳಿ. "ಬಕೆಟ್ಟಿನ ಜೊತೆ ಒಗೆಯೋ ಪುಡಿ" ಅಂದರೆ ಗೆದ್ದಿತು. "ಯಾರಿಗೋ ಏನೋ ಆಯ್ತಂತೆ" ಅಂದರೆ, ಅವರು ತಡವರಿಸಿದ ಸಾಲು ಯಾವುದು ಅಂತ ಹುಡುಕಬೇಕು. ಒಂದು ಮಾತಿಗೆ ತಲೆ ಕೆರೆದುಕೊಂಡರೆ ಅದರ ಹಿಂದಿನ ಎರಡು ಮಾತು ಗಾಳಿಗೆ ಹೋದ ಹಾಗೇ. ಪತ್ರಿಕೆಯಲ್ಲಾದರೆ ಇನ್ನೊಮ್ಮೆ ಓದಬಹುದು, ರೇಡಿಯೋ ಹಿಂದಕ್ಕೆ ತಿರುಗುವುದಿಲ್ಲ.

ಇಷ್ಟಾದರೂ ಈ ಸ್ಕ್ರಿಪ್ಟು ಮೈಸೂರು-ಬೆಂಗಳೂರು ಕಡೆಯದು. ಹುಬ್ಬಳ್ಳಿ-ಧಾರವಾಡದಲ್ಲಿ ಪಂಚೆ ಅಂದರೆ ಸಾಲದು, ಧೋತರ ಆಗಬೇಕು. "ಕಣೇ" ಹೋಗಿ "ನೋಡವ್ವಾ" ಬರಬೇಕು. ಮಂಗಳೂರಿಗೆ "ಮಾರಾಯ್ತಿ" ಬೇಕು. ಬೇಳೆ, ಮಂಗಮಾಯ ಎರಡಕ್ಕೂ ಎಲ್ಲೂ ತಕರಾರಿಲ್ಲ. ಬದಲಾಗುವುದು ಮೂರು ನಾಲ್ಕು ಪದ, ಅಷ್ಟಕ್ಕೆ ಇನ್ನೊಮ್ಮೆ ರೆಕಾರ್ಡಿಂಗ್ ಖರ್ಚು ಯಾರು ಕೊಡಬೇಕು ಅಂತ ಕಂಪನಿಗೂ ಜಿಲ್ಲೆಯ ಏಜೆಂಟರಿಗೂ ಚೌಕಾಸಿ ಶುರುವಾಗುವುದು ಅಲ್ಲೇ.