ಮೀನಿನ ತೂಕಕ್ಕೊಂದು ಘನಮೂಲ

ಕೆರೆಗೆ ಬಿಟ್ಟ ಒಂದು ಗ್ರಾಂ ತೂಕದ ಮೀನುಮರಿ ಆರು ತಿಂಗಳಲ್ಲಿ ಎಷ್ಟು ತೂಗುತ್ತದೆ? ಆಸ್ಟ್ರಿಯಾದ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬೆರ್ಟಲನ್‌ಫಿ ಇದನ್ನು ಜಮಾ–ಖರ್ಚಿನ ಲೆಕ್ಕದಂತೆ ನೋಡಿದ. ಮೈಗೂಡುವ ಆಹಾರ ದೇಹದ ಮೇಲ್ಮೈಗೆ ತಕ್ಕಷ್ಟು, ಸವೆತ ಇಡೀ ತೂಕಕ್ಕೆ ತಕ್ಕಷ್ಟು. ತೂಕ W ಆದರೆ ಮೇಲ್ಮೈ W^(2/3)ರಂತೆ ಹಿಗ್ಗುತ್ತದೆ. ಲೆಕ್ಕಕ್ಕೆಂದು ಅನುಕೂಲದ ಅಂಕಿಗಳನ್ನಿಟ್ಟುಕೊಂಡರೆ (ತೂಕ ಗ್ರಾಂನಲ್ಲಿ, ಕಾಲ ತಿಂಗಳಲ್ಲಿ):

W' = 6W^(2/3) − 0.6W, W(0) = 1

ತೊಡಕಿರುವುದು ಆ 2/3 ಘಾತದಲ್ಲಿ. ಅದಿಲ್ಲದಿದ್ದರೆ ಇದು ಪಿಯುಸಿ ವಿದ್ಯಾರ್ಥಿಯೂ ಬಿಡಿಸಬಲ್ಲ ರೇಖೀಯ ಸಮೀಕರಣ. ಒಂದು ಪದದಲ್ಲಿ ಹೀಗೆ yⁿ ಅಂಟಿಕೊಂಡಿರುವ y' + Py = Qyⁿ ಎಂಬ ಸಮೀಕರಣವನ್ನು ಯಾಕೋಬ್ ಬರ್ನೂಲಿ 1695ರಲ್ಲಿ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟಿದ್ದ. (ನೀರಿನ ಹರಿವಿನ ಬರ್ನೂಲಿ ಬೇರೆ, ಆತ ಇವನ ತಮ್ಮನ ಮಗ ಡೇನಿಯಲ್.) ಮರುವರ್ಷ ಲೈಬ್ನಿಟ್ಸ್ ದಾರಿ ತೋರಿಸಿದ: y^(1−n)ಗೆ ಹೊಸ ಹೆಸರು ಕೊಡಿ, ಸಮೀಕರಣ ರೇಖೀಯವಾಗುತ್ತದೆ.

ನಮ್ಮ ಮೀನಿನಲ್ಲಿ n = 2/3. ಆದ್ದರಿಂದ u = W^(1/3), ಅಂದರೆ ತೂಕದ ಘನಮೂಲ. ಇದು ಬರೀ ಕೈಚಳಕವಲ್ಲ. ಆಕಾರ ಬದಲಾಗದೆ ಬೆಳೆಯುವ ಮೀನಿನ ಉದ್ದ ತೂಕದ ಘನಮೂಲದಂತೆಯೇ ಏರುತ್ತದೆ. ತಕ್ಕಡಿ ಬಿಟ್ಟು ಅಳತೆಪಟ್ಟಿ ಹಿಡಿದಂತಾಯಿತು, ಅಷ್ಟೆ.

ಈಗ u' = (1/3)W^(−2/3)·W'. ಮೂಲ ಸಮೀಕರಣವನ್ನು W^(2/3)ರಿಂದ ಭಾಗಿಸಿ ಮೂರರಲ್ಲೊಂದು ಪಾಲು ತೆಗೆದುಕೊಂಡರೆ:

u' + 0.2u = 2

ಎರಡೂ ಕಡೆ e^(0.2t)ಯಿಂದ ಗುಣಿಸಿದರೆ ಎಡಭಾಗ (u·e^(0.2t))' ಎಂದು ಒಂದಾಗುತ್ತದೆ. ಅನುಕಲಿಸಿದರೆ u = 10 + Ce^(−0.2t). ಮೊದಲ ದಿನ u = 1, ಹಾಗಾಗಿ C = −9. ಘನ ಮಾಡಿ ತೂಕಕ್ಕೆ ಮರಳಿದರೆ:

W = (10 − 9e^(−0.2t))³

ಆರು ತಿಂಗಳಿಗೆ u ಸುಮಾರು 7.29, ತೂಕ ಸುಮಾರು 387 ಗ್ರಾಂ. ವರ್ಷಕ್ಕೆ 775. ಎಷ್ಟು ಕಾದರೂ ಒಂದು ಕಿಲೋ ದಾಟುವುದಿಲ್ಲ.

ಹೆಚ್ಚಿನವರು ಎಡವುವುದು ಆ ಮೂರರಲ್ಲೊಂದು ಪಾಲನ್ನು ಮರೆತು. ಆಗ u' = 6 − 0.6u ಆಗುತ್ತದೆ. ಕೊನೆಯ ತೂಕ ಆಗಲೂ ಒಂದು ಕಿಲೋ ಎಂದೇ ಬರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳ ಮೀನು ಮಾತ್ರ 928 ಗ್ರಾಂ ತೂಗಿಬಿಡುತ್ತದೆ! ಹಿಡಿಯಲು ಮೊದಲ ಕ್ಷಣದ ವೇಗ ನೋಡಿದರೆ ಸಾಕು. ಮೂಲ ಸಮೀಕರಣದಂತೆ ಅದು ತಿಂಗಳಿಗೆ 5.4 ಗ್ರಾಂ, ತಪ್ಪು ಉತ್ತರ 16.2 ಎನ್ನುತ್ತದೆ.

ಇನ್ನೊಂದು ಸೂಕ್ಷ್ಮವಿದೆ. W^(2/3)ರಿಂದ ಭಾಗಿಸುವಾಗ W ಸೊನ್ನೆಯಲ್ಲ ಎಂದು ಸದ್ದಿಲ್ಲದೆ ಒಪ್ಪಿಕೊಂಡಿರುತ್ತೇವೆ. ಸೊನ್ನೆಯಿಂದಲೇ ಹೊರಟರೆ ಸಮೀಕರಣಕ್ಕೆ ಒಂದೇ ಉತ್ತರವಿಲ್ಲ: W ಎಂದೆಂದಿಗೂ ಸೊನ್ನೆಯಾಗಿ ಉಳಿಯಬಹುದು, ಇಲ್ಲವೇ (10 − 10e^(−0.2t))³ ಎಂದು ಬೆಳೆಯಬಹುದು. ಎರಡೂ ಸರಿ. ಮರಿಯನ್ನು ಒಂದು ಗ್ರಾಂನಿಂದ ಶುರುಮಾಡಿದ್ದು ಇದಕ್ಕೇ.