ಅನುಗಮನ ಹಂತದಲ್ಲಿ ಕಳೆದುಹೋಗುವ ಒಂದು

ಪೀಣ್ಯ ಸುತ್ತಲಿನ ಪ್ರೌಢಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೊರಡುವ ಮುನ್ನ ನಮ್ಮ ಗಣಿತ ವಿಭಾಗದಲ್ಲಿ ಸೂಕ್ಷ್ಮ ಬೋಧನೆ ನಡೆಯುತ್ತದೆ. ಈ ಬಾರಿ ಪ್ರಶಿಕ್ಷಣಾರ್ಥಿಯೊಬ್ಬರು ಮೊದಲ n ಬೆಸ ಸಂಖ್ಯೆಗಳ ಮೊತ್ತ n² ಎಂಬುದನ್ನು ಗಣಿತೀಯ ಅನುಗಮನದಿಂದ ಸಾಧಿಸಿ ತೋರಿಸಿದರು.

1 + 3 + 5 + … + (2n − 1) = n²

n = 1 ಆದಾಗ ಎರಡೂ ಬದಿ 1. ಆಧಾರ ಹಂತ ಸರಿಯಾಯಿತು. n = k ಗೆ ಹೇಳಿಕೆ ಸತ್ಯವೆಂದು ಊಹಿಸಿದರು. ನಂತರ "ಮುಂದಿನ ಪದ" ಎಂದು ಹೇಳಿ, (2k − 1) ಕ್ಕೆ 1 ಕೂಡಿಸಿ 2k ಎಂದು ಬರೆದರು. ಬಲಬದಿ k² + 2k ಆಯಿತು. ಮುಂದಿನ ಸಾಲಿನಲ್ಲಿ ಕಪ್ಪುಹಲಗೆಯ ಮೇಲೆ (k + 1)² ಇತ್ತು! ಉತ್ತರ ಏನು ಬರಬೇಕೆಂದು ಮೊದಲೇ ಗೊತ್ತಿದ್ದರೆ ಕೈ ಹೀಗೆ ಜಾರುತ್ತದೆ. ಕುಳಿತಿದ್ದ ಸಹಪಾಠಿಗಳಲ್ಲಿಯೂ ಹೆಚ್ಚಿನವರು ಅದನ್ನು ಗಮನಿಸಲಿಲ್ಲ.

ಇದನ್ನು ಪತ್ತೆಹಚ್ಚಲು k = 3 ಹಾಕಿ ನೋಡಿದರೆ ಸಾಕು. k² + 2k ಎಂದರೆ 15, ಬರಬೇಕಾದದ್ದು 16. ಕಳೆದುಹೋದ ಆ ಒಂದು ಎಲ್ಲಿಯದೆಂದು ತೋರಿಸಲು ಗೋದಾಮಿನ ನೆಲವನ್ನು ನೆನೆಯಬಹುದು. ಪೀಣ್ಯದ ಮಕ್ಕಳಿಗೆ ಅದು ಹೊಸ ನೋಟವಲ್ಲ. ಮೂರು ಸಾಲು, ಸಾಲಿಗೆ ಮೂರು ರಟ್ಟಿನ ಪೆಟ್ಟಿಗೆ ಇಟ್ಟು ಚೌಕ ಮಾಡಿ. ಅದನ್ನು ನಾಲ್ಕರ ಚೌಕ ಮಾಡಲು ಬಲಗಡೆ ಮೂರು, ಕೆಳಗಡೆ ಮೂರು ಪೆಟ್ಟಿಗೆ ಬೇಕು, ಜೊತೆಗೆ ಮೂಲೆಗೆ ಇನ್ನೊಂದು. k + k + 1 ಎಂದರೆ 2k + 1. ಪ್ರಶಿಕ್ಷಣಾರ್ಥಿ ಬಿಟ್ಟದ್ದು ಮೂಲೆಯ ಪೆಟ್ಟಿಗೆ. ಬೀಜಗಣಿತದಲ್ಲಿಯೂ ಅದೇ: ಪದದ ಸೂತ್ರ 2n − 1 ರಲ್ಲಿ n ಬದಲು k + 1 ಇಟ್ಟರೆ 2(k + 1) − 1 = 2k + 1. 1 ಕೂಡಬೇಕಾದದ್ದು ಪದದ ಕ್ರಮಸಂಖ್ಯೆಗೆ, ಪದಕ್ಕಲ್ಲ.

ತಿದ್ದಿ ಬರೆಯಲು ಹೇಳಿದಾಗ ಇನ್ನೊಬ್ಬರು ಬೇರೆ ದಾರಿ ಹಿಡಿದರು. ಊಹೆಯಲ್ಲಿದ್ದ k ಗಳನ್ನೆಲ್ಲ ಅಳಿಸಿ k + 1 ಎಂದು ತುಂಬಿ, 1 + 3 + … + (2k + 1) = (k + 1)², "ಆದ್ದರಿಂದ ಸಾಧಿತ" ಎಂದರು. ಇಲ್ಲಿ ಸಾಧಿಸಬೇಕಾದದ್ದನ್ನು ಬರೆದದ್ದಷ್ಟೇ ಆಯಿತು. ನಾನು ಕೇಳುವ ಪ್ರಶ್ನೆ ಒಂದೇ: ಊಹೆಯನ್ನು ಯಾವ ಸಾಲಿನಲ್ಲಿ ಬಳಸಿದಿರಿ? ಆ ಸಾಲಿನ ಕೆಳಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ಸಾಲೇ ಸಿಗದಿದ್ದರೆ ಅಲ್ಲಿ ಅನುಗಮನ ನಡೆದಿಲ್ಲ. ಸರಿಯಾದ ಬರವಣಿಗೆ ಎಡಬದಿಯಿಂದ ಹೊರಡುತ್ತದೆ:

[1 + 3 + … + (2k − 1)] + (2k + 1) = k² + (2k + 1) = (k + 1)²

ಮೊದಲ ಸಮಚಿಹ್ನೆಯ ಬಳಿ ಊಹೆ ಬಳಕೆಯಾಗಿದೆ. ಎರಡನೆಯದು ಬರೀ ಬೀಜಗಣಿತ.

ಅನುಗಮನ ಹಂತ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದೇ ಮೊತ್ತವನ್ನು n² + 1 ಎಂದುಕೊಳ್ಳಿ. k² + 1 ಕ್ಕೆ 2k + 1 ಕೂಡಿದರೆ (k + 1)² + 1, ಹಂತ ನಿರಾತಂಕವಾಗಿ ದಾಟುತ್ತದೆ. ಆದರೆ n = 1 ರಲ್ಲಿ ಎಡಬದಿ 1, ಬಲಬದಿ 2. ಆಧಾರ ಹಂತವನ್ನು ಶಾಸ್ತ್ರಕ್ಕೆ ಬರೆಯುವವರಿಗೆ ಈ ಸುಳ್ಳು ಸೂತ್ರವನ್ನೇ ಕೊಟ್ಟು ನೋಡಿ.

ಬೆಸ ಸಂಖ್ಯೆಗಳ ಮೊತ್ತ ಸುಲಭದ್ದು. ಅದರಲ್ಲಿ ಕೊನೆಗೆ ಒಂದು ಪದ ಸೇರುತ್ತದೆ ಅಷ್ಟೆ. ಇಷ್ಟೇ ಅಭ್ಯಾಸವಾದ ವಿದ್ಯಾರ್ಥಿ ಮುಂದಿನದರಲ್ಲಿ ಎಡವುತ್ತಾನೆ:

(n + 1) + (n + 2) + … + 2n = n(3n + 1)/2

ಅವನು k ಯಿಂದ k + 1 ಕ್ಕೆ ಹೋಗುವಾಗ 2k + 2 ಒಂದನ್ನೇ ಕೂಡಿಸುತ್ತಾನೆ, ಲೆಕ್ಕ ಕೂಡುವುದಿಲ್ಲ. n = 3 ಮತ್ತು n = 4 ರ ಮೊತ್ತಗಳನ್ನು ಒಂದರ ಕೆಳಗೊಂದು ಬರೆಸಿ:

4 + 5 + 6 = 15
5 + 6 + 7 + 8 = 26

ಮುಂದಿನ 4 ಹೋಗಿದೆ, ಹಿಂದೆ 7, 8 ಎರಡೂ ಬಂದಿವೆ. ಹಾಗಾಗಿ k + 1 ಕಳೆದು 2k + 1, 2k + 2 ಎರಡನ್ನೂ ಕೂಡಬೇಕು. ನಿವ್ವಳ ಏರಿಕೆ 3k + 2. k = 3 ರಲ್ಲಿ ಅದು 11, ಮತ್ತು 15 + 11 = 26. ಈಗ ಊಹೆ ಬಳಸಿದರೆ:

k(3k + 1)/2 + (3k + 2) = (3k² + 7k + 4)/2 = (k + 1)(3k + 4)/2

ಸೂತ್ರದಲ್ಲಿ n ಬದಲು k + 1 ಇಟ್ಟಾಗ 3(k + 1) + 1 = 3k + 4 ಬರುವುದರಿಂದ ಇದು ಬೇಕಾದ ರೂಪವೇ. n = 1 ರಲ್ಲಿ ಎರಡೂ ಬದಿ 2.

ಪಾಠಯೋಜನೆ ಬರೆಯುವವರಿಗೆ ಇನ್ನೊಂದು ಮಾತು. ಬೋಧನಾ ಶಾಸ್ತ್ರದಲ್ಲಿ ನಾವು ಓದುವ "ಅನುಗಮನ ಪದ್ಧತಿ" ಉದಾಹರಣೆಗಳಿಂದ ನಿಯಮಕ್ಕೆ ಹೋಗುವುದು. ಗಣಿತೀಯ ಅನುಗಮನ ಹೆಸರಿಗಷ್ಟೇ ಅದರ ನೆಂಟ, ತರ್ಕದಲ್ಲಿ ಅದು ನಿಗಮನವೇ. 1, 4, 9, 16 ಎಂದು ನೋಡಿ n² ಎಂದು ಊಹಿಸುವುದು ಮೊದಲನೆಯದು. ಅದು ಎಂದೂ ತಪ್ಪದೆಂದು ತೋರಿಸುವುದು ಎರಡನೆಯದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಶ್ರೇಢಿಗಳ ಮೊತ್ತಕ್ಕೆ ಸೂತ್ರಗಳಿವೆ, ಲೆಕ್ಕಗಳಿವೆ, ಸಾಧನೆಗಳಿಲ್ಲ. ಅಲ್ಲಿಂದ ಒಂದು ಸೂತ್ರ ಆರಿಸಿ, ಊಹೆ ಬಳಸಿದ ಸಾಲಿಗೆ ಗೆರೆ ಎಳೆದು ಸಾಧಿಸಿ ತರಲು ಮುಂದಿನ ವಾರಕ್ಕೆ ಹೇಳಿದ್ದೇನೆ.